ಮೊದಲ ಮಾರಾಟಕ್ಕೆ ಮುಂಚಿನ ಖರ್ಚು

ಬೈಲಹೊಂಗಲದಲ್ಲಿ ಒಬ್ಬರು ಶೇಂಗಾ ಎಣ್ಣೆಯ ಗಿರಣಿ ಹಾಕುತ್ತಾರೆ ಎಂದುಕೊಳ್ಳೋಣ. ಇದು ಲೆಕ್ಕ ತಿಳಿಯಲೆಂದು ಕಟ್ಟಿಕೊಂಡ ಉದಾಹರಣೆ. 2024ರ ಜೂನ್ 1ಕ್ಕೆ ತಿಂಗಳಿಗೆ 8,000 ರೂಪಾಯಿ ಬಾಡಿಗೆಗೆ ಶೆಡ್ ಹಿಡಿದರು. ಜುಲೈನಲ್ಲಿ ಬ್ಯಾಂಕಿನ ಸಾಲ ಕೈಸೇರಿತು, ಆಗಸ್ಟ್‌ನಲ್ಲಿ ಎಕ್ಸ್‌ಪೆಲ್ಲರ್ ಬಂದಿಳಿಯಿತು. ಅಕ್ಟೋಬರ್ 10ರಿಂದ ನಾಲ್ಕೈದು ದಿನ ಪ್ರಾಯೋಗಿಕವಾಗಿ ಶೇಂಗಾ ಹಾಕಿ ನೋಡಿದರು. 15ರ ಹೊತ್ತಿಗೆ ಯಂತ್ರ, ಕರೆಂಟು, ಆಹಾರ ಪರವಾನಗಿ, ಆಳುಗಳು ಎಲ್ಲವೂ ಸಿದ್ಧ. ಹೊಸ ಸುಗ್ಗಿಯ ಶೇಂಗಾ ಕೊಂಡು, ಒಣಗಿಸಿ, ಎಣ್ಣೆ ತೆಗೆದು ಮೊದಲ ಡಬ್ಬಿ ಮಾರಿದ್ದು ನವೆಂಬರ್ 20ಕ್ಕೆ.

ಮಾಲೀಕರ ಪಾಲಿಗೆ ಮುಖ್ಯ ದಿನ ನವೆಂಬರ್ 20. ತೆರಿಗೆ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ದಿನ ಅಕ್ಟೋಬರ್ 15. ವ್ಯವಹಾರ ಶುರುವಾಗುವುದು ಬೇರೆ, ವ್ಯವಹಾರ ನಡೆಸಲು ಸಜ್ಜಾಗಿ ನಿಲ್ಲುವುದು ಬೇರೆ. ಸಜ್ಜಾದ ದಿನದಿಂದ ಆಗುವ ಬಾಡಿಗೆ, ಪಗಾರ, ಕರೆಂಟು ಬಿಲ್ಲು, ಪ್ರಚಾರದ ಖರ್ಚುಗಳನ್ನು ಇನ್ನೂ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಆ ವರ್ಷದ ಖರ್ಚಾಗಿಯೇ ಪೂರ್ತಿ ಕಳೆಯಬಹುದು. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹೇಳಿದ್ದು 1954ರ ಬಾಂಬೆ ಹೈಕೋರ್ಟಿನ ತೀರ್ಪು, ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಕಂಪನಿಯ ಪ್ರಕರಣದಲ್ಲಿ. ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಅದು ಈ ಊರುಗಳ ಹೈಕೋರ್ಟೂ ಆಗಿತ್ತು. ಇಂದಿಗೂ ದೇಶದ ತುಂಬ ತೆರಿಗೆ ವಾದಗಳಲ್ಲಿ ಆ ತೀರ್ಪಿನ ಹೆಸರು ಬರುತ್ತದೆ.

ಹಾಗಾಗಿ ಅಕ್ಟೋಬರ್ 15ಕ್ಕೆ ಪುರಾವೆ ಬೇಕು. ವಿದ್ಯುತ್ ಸಂಪರ್ಕ ಕೊಟ್ಟ ಬಗ್ಗೆ ಹೆಸ್ಕಾಂನ ಕಾಗದ, ಯಂತ್ರ ಕೂಡಿಸಿ ಓಡಿಸಿ ತೋರಿಸಿದ ಬಗ್ಗೆ ಕಂಪನಿಯವರ ಸಹಿಯ ವರದಿ, ಪರವಾನಗಿಯ ತಾರೀಖು, ಎಪಿಎಂಸಿಯಲ್ಲಿ ಶೇಂಗಾ ಕೊಂಡ ಮೊದಲ ಬಿಲ್ಲು: ಇವೆಲ್ಲ ಒಂದೇ ದಿನದ ಆಸುಪಾಸಿಗೆ ಬಂದು ನಿಂತರೆ ಅಧಿಕಾರಿಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಅನೇಕರು ಉದ್ಘಾಟನೆಯ ಫೋಟೊ ಜೋಪಾನವಾಗಿಟ್ಟು ಈ ಕಾಗದಗಳನ್ನು ಕಳೆದುಕೊಳ್ಳುತ್ತಾರೆ.

ಅಕ್ಟೋಬರ್ 15ಕ್ಕೆ ಮುಂಚಿನ ಖರ್ಚಿನಲ್ಲಿ ದೊಡ್ಡ ಪಾಲು ಯಂತ್ರದ್ದು. ಯಂತ್ರದ ಬೆಲೆ ಎಂದರೆ ಬಿಲ್ಲಿನಲ್ಲಿರುವ ಬೆಲೆಯೊಂದೇ ಅಲ್ಲ. ಅದು ಶೆಡ್ಡಿಗೆ ಬಂದು, ಕೂತು, ಸರಿಯಾಗಿ ಓಡುವವರೆಗೆ ಅದಕ್ಕೆಂದೇ ಆದ ಖರ್ಚೆಲ್ಲ ಅದರ ಬೆಲೆಗೆ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಯಂತ್ರಗಳಿಗೆ 8,00,000, ಸಾಗಾಣಿಕೆಗೆ 25,000, ಅಡಿಪಾಯ, ಜೋಡಣೆ, ವೈರಿಂಗ್‌ಗೆ 1,10,000 ರೂಪಾಯಿ. ಯಂತ್ರಕ್ಕೆಂದು ತೆಗೆದ ಸಾಲದ ಮೇಲೆ, ಯಂತ್ರ ಬಳಕೆಗೆ ಬರುವವರೆಗಿನ ಬಡ್ಡಿ 45,000. ಅದೂ ಯಂತ್ರದ ಬೆಲೆಗೇ ಹೋಗಬೇಕು, ಆ ವರ್ಷದ ಖರ್ಚಾಗಿ ಕಳೆಯುವಂತಿಲ್ಲ. ಪ್ರಾಯೋಗಿಕ ಓಟಕ್ಕೆ 32,000 ತಗಲಿ, ಅದರಿಂದ ಬಂದ ಎಣ್ಣೆ ಮತ್ತು ಹಿಂಡಿಯಿಂದ 12,000 ಸಿಕ್ಕಿತು. ಉಳಿದ 20,000 ಮಾತ್ರ ಯಂತ್ರಕ್ಕೆ ಸೇರುತ್ತದೆ. ಅಲ್ಲಿಗೆ ಒಟ್ಟು 10,00,000 ರೂಪಾಯಿ.

ಇದೇ ನಿಯಮ ದೊಡ್ಡ ಕಾರ್ಖಾನೆಗೂ. ಸವದತ್ತಿ ತಾಲೂಕಿನ ಮುನವಳ್ಳಿಯ ಶ್ರೀ ರೇಣುಕಾ ಶುಗರ್ಸ್ ಹೊಸ ಯಂತ್ರಗಳಿಂದ ಶುರುವಾಗಲಿಲ್ಲ. ಆಂಧ್ರದ ಹಿಂದೂಪುರದಲ್ಲಿದ್ದ ನಿಜಾಮ್ ಶುಗರ್ಸ್‌ನ ಯಂತ್ರಗಳನ್ನು ಕೊಂಡು ಇಲ್ಲಿಗೆ ತಂದು ನಿಲ್ಲಿಸಲಾಯಿತು. ಹಾಗೆ ಹಳೆಯ ಯಂತ್ರ ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವ ಕೂಲಿ ಎಷ್ಟೇ ಆದರೂ ಲೆಕ್ಕದಲ್ಲಿ ಅದು ಆಸ್ತಿಯ ಬೆಲೆಯೇ.

ಆಸ್ತಿಗೆ ಸೇರಿದ ಹಣ ಸವಕಳಿಯ ರೂಪದಲ್ಲಿ ನಿಧಾನವಾಗಿ ಹಿಂದೆ ಬರುತ್ತದೆ. ಸಾಮಾನ್ಯ ಯಂತ್ರಗಳಿಗೆ ದರ ವರ್ಷಕ್ಕೆ 15 ಪ್ರತಿಶತ. ಇಲ್ಲೊಂದು ತೊಡಕಿದೆ, ಅದು ನಮ್ಮ ಭಾಗದ ಸುಗ್ಗಿಗೆ ನೇರವಾಗಿ ತಾಗುತ್ತದೆ. ಕೊಂಡ ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 3ಕ್ಕೆ 180 ದಿನ ಮುಗಿಯುತ್ತವೆ. ಶೇಂಗಾ, ಹತ್ತಿ, ಕಬ್ಬು ಯಾವುದರ ಸುಗ್ಗಿ ಕಾದು ಯಂತ್ರ ಶುರುಮಾಡಿದರೂ ಈ ಗಡಿ ದಾಟಿಹೋಗುವುದೇ ಹೆಚ್ಚು. ನಮ್ಮ ಗಿರಣಿಗೆ ಮೊದಲ ವರ್ಷ 1,50,000ದ ಬದಲು 75,000 ರೂಪಾಯಿ ಸಿಗುತ್ತದೆ. ಉಳಿದದ್ದು ಕಳೆದುಹೋಗುವುದಿಲ್ಲ, ಮರುವರ್ಷ 9,25,000ದ ಮೇಲೆ 15 ಪ್ರತಿಶತ ಎಣಿಸುತ್ತಾರೆ.

ಇನ್ನು ಯಂತ್ರಕ್ಕೂ ಸೇರದ, ದಿನದ ಖರ್ಚೂ ಅಲ್ಲದ ಕೆಲವು ವೆಚ್ಚಗಳಿವೆ. ಯೋಜನಾ ವರದಿಗೆ 25,000, ಮಾರುಕಟ್ಟೆ ಸಮೀಕ್ಷೆಗೆ 15,000, ಎಂಜಿನಿಯರ್ ಸಲಹೆಗೆ 25,000, ವ್ಯವಹಾರದ ಕರಾರು ಬರೆದುಕೊಟ್ಟ ವಕೀಲರಿಗೆ 10,000: ಒಟ್ಟು 75,000. 1961ರ ಆದಾಯ ತೆರಿಗೆ ಕಾಯ್ದೆಯ 35ಡಿ ಕಲಂ ಇವನ್ನೇ ಹೆಸರಿಸಿ, ಐದು ವರ್ಷಗಳಲ್ಲಿ ಸಮಪಾಲಾಗಿ ಕಳೆಯಲು ಬಿಡುತ್ತದೆ. ಆದರೆ ಒಟ್ಟು ಮೊತ್ತ ಯೋಜನೆಯ ಸ್ಥಿರಾಸ್ತಿ ವೆಚ್ಚದ 5 ಪ್ರತಿಶತ ಮೀರುವಂತಿಲ್ಲ. 10,00,000ದ 5 ಪ್ರತಿಶತ ಎಂದರೆ 50,000. ವರ್ಷಕ್ಕೆ 10,000 ಸಿಕ್ಕು, ಮಿಕ್ಕ 25,000 ಯಾವ ವರ್ಷಕ್ಕೂ ಸಿಗದೆ ಹೋಗುತ್ತದೆ.

ಒಳ್ಳೆಯ ಸಿ.ಎ. ಇಲ್ಲಿ ಎಂಜಿನಿಯರ್‌ರ ಬಿಲ್ಲನ್ನು ಇನ್ನೊಮ್ಮೆ ಓದುತ್ತಾರೆ. ಆ ಕೆಲಸ ಯಂತ್ರದ ಅಡಿಪಾಯ ಮತ್ತು ಜೋಡಣೆಯ ನಕ್ಷೆಯದೇ ಆಗಿದ್ದರೆ ಅದರ ಜಾಗ ಯಂತ್ರದ ಬೆಲೆಯಲ್ಲಿ. ಆಗ ಆಸ್ತಿ 10,25,000 ಆಗಿ ಮಿತಿ 51,250ಕ್ಕೆ ಏರುತ್ತದೆ. ಉಳಿದ 50,000 ಪೂರ್ತಿ ಅದರೊಳಗೆ ಹಿಡಿಯುತ್ತದೆ. ಒಂದೇ ಬಿಲ್ಲನ್ನು ಎರಡೂ ಕಡೆ ತೋರಿಸುವಂತಿಲ್ಲ, ಬಿಲ್ಲಿನಲ್ಲಿ ಕೆಲಸದ ವಿವರ ಇರಲೇಬೇಕು. ‘ಸಲಹಾ ಶುಲ್ಕ’ ಎಂದಷ್ಟೇ ಬರೆದ ಬಿಲ್ಲಿನಿಂದ ಏನನ್ನೂ ಸಾಧಿಸಲಾಗದು.

ಎಲ್ಲೂ ಜಾಗ ಸಿಗದ್ದು ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗಿನ 36,000 ರೂಪಾಯಿ ಬಾಡಿಗೆ. ವ್ಯವಹಾರ ಇನ್ನೂ ಸಜ್ಜಾಗಿಲ್ಲ, ಬಾಡಿಗೆಯ ಹೆಸರು 35ಡಿ ಪಟ್ಟಿಯಲ್ಲಿ ಇಲ್ಲ, ಯಂತ್ರ ಬರುವ ಮುಂಚೆ ಖಾಲಿ ಬಿದ್ದ ಶೆಡ್ಡನ್ನು ಯಂತ್ರದ ಬೆಲೆ ಎನ್ನುವುದೂ ಕಷ್ಟ. ಶೆಡ್ ಎರಡು ತಿಂಗಳು ತಡವಾಗಿ ಹಿಡಿದಿದ್ದರೆ 16,000 ಉಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಸಣ್ಣ ಉದ್ಯಮಿಗೆ ಹೆಚ್ಚು ಪೆಟ್ಟು ಕೊಡುವುದು ಇಂಥ ಖರ್ಚೇ, ಏಕೆಂದರೆ ಅದನ್ನು ಮುಂದೆ ಯಾವ ಸಿ.ಎ.ಯೂ ಸರಿಪಡಿಸಲಾರರು.

35ಡಿ ಬೇಕೆಂದರೆ ಕಂಪನಿಯಾಗಲಿ ಸಹಕಾರ ಸಂಘವಾಗಲಿ ಅಲ್ಲದವರು ಆ ಖರ್ಚು ಮಾಡಿದ ವರ್ಷಗಳ ಲೆಕ್ಕವನ್ನು ಆಡಿಟ್ ಮಾಡಿಸಿ ವರದಿ ಕೊಡಬೇಕು. ವರ್ಷಕ್ಕೆ 10,000 ಕಳೆದರೆ 20 ಪ್ರತಿಶತ ದರದಲ್ಲಿರುವವರಿಗೆ ಉಳಿಯುವ ತೆರಿಗೆ ಸುಮಾರು 2,000 ರೂಪಾಯಿ, ಐದು ವರ್ಷಕ್ಕೆ 10,000. ಆಡಿಟ್ ಫೀ ಅದಕ್ಕಿಂತ ಹೆಚ್ಚಾದರೆ ಬಿಟ್ಟುಬಿಡುವುದೇ ಲೇಸು. ರೈತರು ಸೇರಿ ಉತ್ಪಾದಕ ಕಂಪನಿ ಕಟ್ಟಿದ್ದರೆ ಲೆಕ್ಕ ಬೇರೆ: ಅದಕ್ಕೆ ಆಡಿಟ್ ಹೇಗೂ ಕಡ್ಡಾಯ, ಕಂಪನಿಯ ನೋಂದಣಿ ಶುಲ್ಕವೂ 35ಡಿಯಲ್ಲಿ ಸೇರುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದಿರುವುದರಿಂದ ಅರ್ಜಿ ತುಂಬುವಾಗ ಹೊಸ ಕಲಂ ಸಂಖ್ಯೆ ನೋಡಿಕೊಳ್ಳಬೇಕು.

ವಹಿವಾಟಿನ ಮೇಲೆ 8 ಪ್ರತಿಶತ, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಪ್ರತಿಶತ ಲಾಭವೆಂದು ಒಪ್ಪಿಕೊಳ್ಳುವ ಅಂದಾಜು ಪದ್ಧತಿಯನ್ನು ಆರಿಸಿದ ಸಣ್ಣ ಗಿರಣಿಗೆ ಈ ಯಾವ ಕಡಿತವೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಎಲ್ಲವೂ ಆ ಅಂದಾಜಿನಲ್ಲೇ ಮುಗಿಯಿತೆಂದು ಕಾಯ್ದೆ ಎಣಿಸುತ್ತದೆ. ಆದರೂ 10,00,000ದ ಲೆಕ್ಕ ಬರೆದಿಟ್ಟಿರಬೇಕು. ಆ ಪದ್ಧತಿಯಲ್ಲಿದ್ದ ವರ್ಷಗಳಲ್ಲೂ ಯಂತ್ರಕ್ಕೆ ಸವಕಳಿ ಕೊಟ್ಟಾಯಿತೆಂದೇ ಭಾವಿಸಿ ಬೆಲೆ ಇಳಿಸುತ್ತಾ ಹೋಗುತ್ತಾರೆ. ಮುಂದೆ ಪದ್ಧತಿ ಬಿಟ್ಟಾಗ ಅಥವಾ ಯಂತ್ರ ಮಾರಿದಾಗ ಎಣಿಕೆ ಆ ಇಳಿದ ಬೆಲೆಯಿಂದಲೇ ಶುರುವಾಗುತ್ತದೆ.