ಹತ್ತು ನಿಮಿಷಕ್ಕೊಂದು ಬಸ್ಸು, ಕಾಯುವುದು ಹದಿಮೂರು ನಿಮಿಷ

ಸಂಜೆ ಹೊತ್ತಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದೇ ಸ್ಟಾಪಿನಲ್ಲಿ ನಿಂತರೂ ಒಂದು ಗೊಣಗಾಟ ಕಿವಿಗೆ ಬಿದ್ದೇ ಬೀಳುತ್ತದೆ: "ಅರ್ಧ ಗಂಟೆಯಿಂದ ಒಂದೂ ಇಲ್ಲ, ಈಗ ನೋಡಿ, ಮೂರೂ ಒಟ್ಟಿಗೆ ಬಂದವು!" ಬಸ್ಸು ಬಿಡುವವರು ಮಾತ್ರ ಗಂಟೆಗೆ ಆರು ಟ್ರಿಪ್ಪಿನ ಲೆಕ್ಕ ತೋರಿಸುತ್ತಾರೆ. ತಮಾಷೆಯೆಂದರೆ, ಇಬ್ಬರ ಮಾತೂ ನಿಜವಿರಬಹುದು.

ಮೊದಲು ಸುಲಭದ ಲೆಕ್ಕ. ಬಸ್ಸುಗಳು ಸಮಾನ ಅಂತರದಲ್ಲಿ ಬರುತ್ತಿದ್ದು, ಪ್ರಯಾಣಿಕರು ವೇಳಾಪಟ್ಟಿ ನೋಡದೆ ತಮಗೆ ಬಿಡುವಾದಾಗ ಸ್ಟಾಪಿಗೆ ಬಂದರೆ, ಸರಾಸರಿ ಕಾಯುವ ಹೊತ್ತು ಆ ಅಂತರದ ಅರ್ಧ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ 5 ನಿಮಿಷ. ಇದು ರೈಲಿಗೂ ಅನ್ವಯಿಸುತ್ತದೆ. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊದ ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ ಶುರುವಾದಾಗ ಅಂತರ 25 ನಿಮಿಷವಿತ್ತು. ಸಮಯ ನೋಡದೆ ನಿಲ್ದಾಣಕ್ಕೆ ಬಂದವರು ಸರಾಸರಿ ಹನ್ನೆರಡೂವರೆ ನಿಮಿಷ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕಿತ್ತು. ಹಳ್ಳಿಯ ಎಂಟು ಗಂಟೆ ಬಸ್ಸಿಗೆ ಮಾತ್ರ ಈ ಸೂತ್ರ ನಡೆಯದು. ಅಲ್ಲಿ ಮುಂದಿನ ಬಸ್ಸು ಎರಡು ಗಂಟೆಯ ನಂತರವಿದ್ದರೂ ಯಾರೂ ಒಂದು ಗಂಟೆ ಕಾಯುವುದಿಲ್ಲ. ಹೊತ್ತು ಗೊತ್ತಿರುವುದರಿಂದ ಐದು ನಿಮಿಷ ಮೊದಲು ಬಂದು ನಿಲ್ಲುತ್ತಾರೆ.

ಇನ್ನು ನಗರದ ಆ ಮೂರು ಬಸ್ಸುಗಳಿಗೆ ಬರೋಣ. ಅರ್ಧ ಗಂಟೆಗೆ ಮೂರು ಬಸ್ಸು, ಸ್ಟಾಪಿಗೆ ನಿಮಿಷಕ್ಕೊಬ್ಬ ಪ್ರಯಾಣಿಕ ಎಂದಿಟ್ಟುಕೊಳ್ಳಿ. 28 ನಿಮಿಷ ಒಂದೂ ಇಲ್ಲದೆ, ಆಮೇಲೆ ಒಂದೊಂದು ನಿಮಿಷದ ಅಂತರದಲ್ಲಿ ಮೂರೂ ಬಂದವು. ಅಂತರಗಳ ಸರಾಸರಿ ಈಗಲೂ ಹತ್ತೇ ನಿಮಿಷ. ಆದರೆ ಮೂವತ್ತು ಜನರಲ್ಲಿ 28 ಮಂದಿ ಸಿಕ್ಕಿಬಿದ್ದದ್ದು ಆ ಉದ್ದನೆಯ ಅಂತರದಲ್ಲಿ, ಅವರ ಸರಾಸರಿ ಕಾಯುವಿಕೆ 14 ನಿಮಿಷ. ಅರ್ಧ ನಿಮಿಷದಲ್ಲೇ ಬಸ್ಸು ಸಿಕ್ಕ ಪುಣ್ಯವಂತರು ಇಬ್ಬರೇ. ಎಲ್ಲರದನ್ನೂ ಕೂಡಿಸಿ ಭಾಗಿಸಿದರೆ 13 ನಿಮಿಷ ದಾಟುತ್ತದೆ. ಡಿಪೋ ಲೆಕ್ಕ ಹಾಕುವುದು ಬಸ್ಸುಗಳದ್ದು, ಸ್ಟಾಪಿನಲ್ಲಿ ನಿಂತವರು ಅನುಭವಿಸುವುದು ಅಂತರವನ್ನು. ಉದ್ದ ಅಂತರದಲ್ಲಿ ಸಿಕ್ಕಿಬೀಳುವವರೇ ಹೆಚ್ಚು.

ಬಸ್ಸುಗಳು ಹೀಗೆ ಗುಂಪುಗೂಡಲು ಚಾಲಕರ ಸೋಮಾರಿತನವೇ ಕಾರಣ ಎಂದು ಬೈಯುವುದು ಸುಲಭ. ನಿಜವಾಗಿ ನಡೆಯುವುದು ಬೇರೆ. ಮುಂದಿನ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡವಾಯಿತು ಅನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟರಲ್ಲಿ ಇನ್ನಿಬ್ಬರು ಮೂವರು ಸೇರಿರುತ್ತಾರೆ. ಅವರು ಹತ್ತಬೇಕು, ಫುಟ್‌ಬೋರ್ಡಿನಲ್ಲಿ ನಿಂತವರು ಒಳಗೆ ಸರಿಯಬೇಕು, ಬಾಗಿಲು ಮುಚ್ಚಬೇಕು. ತಡ ಇನ್ನಷ್ಟು ಬೆಳೆಯುತ್ತದೆ, ಅದರ ಮುಂದಿನ ಸ್ಟಾಪಿನಲ್ಲಿ ಜನವೂ ಬೆಳೆಯುತ್ತಾರೆ. ಹಿಂದಿನ ಬಸ್ಸಿಗೆ ಇದೇ ಲೆಕ್ಕ ತಿರುಗುಮುರುಗು: ಜನವೆಲ್ಲ ಮುಂದಿನದಕ್ಕೆ ಹತ್ತಿಹೋಗಿರುವುದರಿಂದ ಅದು ಖಾಲಿಯಾಗಿ ಓಡಿಬಂದು ಮುಂದಿನದರ ಬಾಲ ಹಿಡಿಯುತ್ತದೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದರಲ್ಲಿ ಕಿಟಕಿ ಸೀಟುಗಳೇ ಖಾಲಿ ಎಂದರೆ ಇದೇ ನಡೆದಿದೆ ಎಂದು ತಿಳಿಯಬಹುದು.

ಒಟ್ಟು ಪ್ರಯಾಣದ ಮೇಲೆ ಇದರ ಹೊರೆ ಎಷ್ಟು? ಮನೆಯಿಂದ ಸ್ಟಾಪಿಗೆ 6 ನಿಮಿಷದ ನಡಿಗೆ, ಬಸ್ಸಿನಲ್ಲಿ 25, ಇಳಿದ ಮೇಲೆ 4. ಅಂತರ ಸಮನಾಗಿದ್ದರೆ 5 ನಿಮಿಷದ ಕಾಯುವಿಕೆ ಸೇರಿ ಒಟ್ಟು 40, ಗುಂಪುಗೂಡಿದರೆ 48. ಆ ಎಂಟು ನಿಮಿಷವನ್ನು ವೇಗದಿಂದಲೇ ಉಳಿಸಬೇಕೆಂದರೆ 25 ನಿಮಿಷದ ಓಟವನ್ನು 17ಕ್ಕೆ ಇಳಿಸಬೇಕು. ನಮ್ಮ ರಸ್ತೆಗಳಲ್ಲಿ ಅದು ಆಗುವ ಮಾತಲ್ಲ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹಾಜರಾಗಬೇಕಾದವರ ಪಾಡು ಇನ್ನೂ ಕಷ್ಟ. ಅವರಿಗೆ ಸರಾಸರಿಯಿಂದ ಪ್ರಯೋಜನವಿಲ್ಲ; ಆ 28 ನಿಮಿಷವನ್ನೇ ಲೆಕ್ಕಕ್ಕೆ ಹಿಡಿದು ಮನೆ ಬಿಡಬೇಕು.

ಮಧ್ಯೆ ಬಸ್ಸು ಬದಲಿಸಬೇಕಾದರೆ ಕಾಯುವುದು ಎರಡು ಸಲ. 2009ರಲ್ಲಿ ಬಿಎಂಟಿಸಿ ಮುಖ್ಯ ರಸ್ತೆಗಳುದ್ದಕ್ಕೂ ನೇರವಾಗಿ ಓಡುವ 'ಬಿಗ್ 10' ಬಸ್ಸುಗಳನ್ನು ಬಿಟ್ಟಿತು. ಇಂಥ ನೇರ ಮಾರ್ಗಗಳು ಜನಕ್ಕೆ ಹಿಡಿಸಬೇಕಾದರೆ ಇಳಿದ ಜಾಗದಲ್ಲಿ ಮುಂದಿನ ಬಸ್ಸು ಬೇಗ ಸಿಗಬೇಕು. ಇಲ್ಲವಾದರೆ ಸುತ್ತಿ ಬಳಸಿ ಹೋದರೂ ಮನೆ ಹತ್ತಿರಕ್ಕೇ ಬಿಡುವ ಒಂದೇ ಬಸ್ಸು ವಾಸಿ ಎನಿಸುತ್ತದೆ.

ಹಾಗಾದರೆ ಬಸ್ಸುಗಳನ್ನು ಹೆಚ್ಚಿಸಿದರಾಯಿತಲ್ಲ? ಹೋಗಿಬರಲು ಎರಡು ಗಂಟೆ ಹಿಡಿಯುವ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದರಂತೆ ಓಡಿಸಲು 12 ಬಸ್ಸು ಬೇಕು. ಐದು ನಿಮಿಷಕ್ಕೊಂದು ಬೇಕೆಂದರೆ 24. ಅಷ್ಟು ದುಡ್ಡು ಸುರಿದರೂ ಸರಾಸರಿ ಕಾಯುವಿಕೆಯಲ್ಲಿ ಇಳಿಯುವುದು ಎರಡೂವರೆ ನಿಮಿಷ. ಬದಲಿಗೆ ನಡುದಾರಿಯ ಒಂದೆರಡು ನಿಲ್ದಾಣಗಳಲ್ಲಿ, ಹಿಂದಿನಿಂದ ಓಡಿಬಂದ ಖಾಲಿ ಬಸ್ಸನ್ನು ಕೆಲವು ನಿಮಿಷ ತಡೆದು ಬಿಟ್ಟರೆ ಅಂತರ ಮತ್ತೆ ಸಮನಾಗುತ್ತದೆ. ಒಳಗೆ ಕೂತವರು ಗೊಣಗುತ್ತಾರೆ, ನಿಜ. ಎಲ್ಲಿ ಎಷ್ಟು ಹೊತ್ತು ತಡೆಯಬೇಕೆಂಬುದನ್ನು ಹೇಳಲು ಬಸ್ಸಿನಲ್ಲಿರುವ ಜಿಪಿಎಸ್ ಸಾಕು. ಇರುವ 12 ಬಸ್ಸುಗಳನ್ನು ಹೀಗೆ ಹದವಾಗಿ ಓಡಿಸದೆ ಇನ್ನೂ 12 ಕೊಂಡರೆ, ಸ್ಟಾಪಿಗೆ ಮೂರರ ಬದಲು ಆರು ಬಸ್ಸು ಒಟ್ಟಿಗೆ ಬರುತ್ತವೆ.