ಸರಳಿನ ತೂಕ ಹೇಳುವ 162

ಸೈಟಿಗೆ ಕಬ್ಬಿಣದ ಲೋಡ್ ಬಂದಿಳಿದಾಗ ಮೇಸ್ತ್ರಿಗಳು ಮೊಬೈಲಿನಲ್ಲಿ ಹಾಕುವ ಲೆಕ್ಕ ತೀರಾ ಚಿಕ್ಕದು. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. 12 ಎಂ.ಎಂ. ಸರಳಾದರೆ 144 ಭಾಗಿಸು 162, ಅಂದರೆ 0.889 ಕಿಲೋ. ಅಂಗಡಿಯಿಂದ ಬರುವ ಪೂರ್ತಿ ಸರಳು 12 ಮೀಟರ್ ಉದ್ದ. ಅದರ ತೂಕ ಹತ್ತಿರ ಹತ್ತಿರ 10.67 ಕಿಲೋ ಆಯಿತು.

ಈ 162 ಎಲ್ಲಿಂದ ಬಂತು? ಒಂದು ಚದರ ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ಉಕ್ಕಿನ ಎಳೆ 7.85 ಗ್ರಾಂ ತೂಗುತ್ತದೆ. ಘನಮೀಟರಿಗೆ 7,850 ಕಿಲೋ ಎಂಬ ಉಕ್ಕಿನ ಸಾಂದ್ರತೆಯನ್ನೇ ಹೀಗೆ ಹೇಳಿದ್ದು. ಇನ್ನು ಸರಳಿನ ಕೊಯ್ತ ವೃತ್ತಾಕಾರ. ವ್ಯಾಸದಷ್ಟೇ ಬದಿಯಿರುವ ಚೌಕದಲ್ಲಿ ವೃತ್ತ ಆವರಿಸುವುದು 0.7854 ಭಾಗ ಮಾತ್ರ. ಎರಡನ್ನೂ ಗುಣಿಸಿದರೆ 6.165 ಗ್ರಾಂ, ವ್ಯಾಸದ ವರ್ಗವನ್ನು ಇದರಿಂದ ಗುಣಿಸಬೇಕು. ಕಿಲೋದಲ್ಲಿ ಉತ್ತರ ಬೇಕಾದ್ದರಿಂದ ಸಾವಿರವನ್ನು 6.165ರಿಂದ ಭಾಗಿಸಿ ನೋಡಿ, 162.2 ಬರುತ್ತದೆ. ಹಾಗಾಗಿ ಈ ಸಂಖ್ಯೆ ದುಂಡು ಉಕ್ಕಿಗೆ ಮಾತ್ರ ಸಲ್ಲುತ್ತದೆ. ಅಲ್ಯೂಮಿನಿಯಂ ಸರಳಿಗೆ ಇದನ್ನು ಹಚ್ಚಿದರೆ ಉತ್ತರ ಸುಮಾರು ಮೂರು ಪಟ್ಟು ತಪ್ಪುತ್ತದೆ. ವರ್ಗದ ಲೆಕ್ಕವಾದ್ದರಿಂದಲೇ 8 ಎಂ.ಎಂ. ಸರಳಿಗಿಂತ 16 ಎಂ.ಎಂ. ಸರಳು ಎರಡಲ್ಲ, ನಾಲ್ಕು ಪಟ್ಟು ಭಾರ.

ಟಿಎಂಟಿ ಸರಳಿನ ಮೈಮೇಲೆ ಏಣುಗಳಿರುತ್ತವಲ್ಲ, ಅದರ ವ್ಯಾಸವನ್ನು ಎಲ್ಲಿ ಅಳೆಯುವುದು? ಏಣಿನ ಮೇಲೆ ಕ್ಯಾಲಿಪರ್ ಹಿಡಿದರೆ ಹೆಚ್ಚು, ನಡುವಿನ ತಗ್ಗಿನಲ್ಲಿ ಹಿಡಿದರೆ ಕಡಿಮೆ. ಮೀಟರಿಗೆ ಅಷ್ಟೇ ತೂಗುವ ನುಣುಪು ಸರಳಿನ ವ್ಯಾಸವನ್ನೇ ಇದರ ವ್ಯಾಸ ಎಂದು ಎಣಿಸುತ್ತಾರೆ. ಇಲ್ಲಿ ತೂಕವೇ ಅಳತೆಗೋಲು. ನನ್ನ ಪ್ರಕಾರ ಈ ಸೂತ್ರದ ನಿಜವಾದ ಉಪಯೋಗವೂ ಬಿಲ್ ತಾಳೆ ನೋಡುವುದಕ್ಕಿಂತ ಹೆಚ್ಚಾಗಿ ಸರಳಿನ ದಪ್ಪವನ್ನು ಪರೀಕ್ಷಿಸುವುದೇ.

ಯಾಕೆಂದರೆ ಕಿಲೋ ಲೆಕ್ಕದಲ್ಲಿ ಕೊಂಡವರಿಗೆ ಸರಳು ತೆಳುವಾಗಿದ್ದರೂ ದುಡ್ಡು ಹೋಗುವುದಿಲ್ಲ. 12 ಎಂ.ಎಂ.ನಲ್ಲಿ ಟನ್ನಿಗೆ 94ರ ಬದಲು 98–99 ಸರಳು ಬರುತ್ತವೆ, ಲಾಭವಾಯಿತೆಂದೇ ಅನಿಸುತ್ತದೆ. ಆದರೆ ಎಂಜಿನಿಯರ್ ನಕ್ಷೆಯಲ್ಲಿ ಬರೆದಿರುವುದು ಕಿಲೋವನ್ನಲ್ಲ, ಸರಳುಗಳ ಸಂಖ್ಯೆಯನ್ನು.

ಪರೀಕ್ಷಿಸುವುದು ಸುಲಭ. ತುಕ್ಕು, ಮಣ್ಣು ಇಲ್ಲದ ಸರಳಿನಿಂದ ತುದಿ ನೇರವಾಗಿರುವಂತೆ ಒಂದು ಮೀಟರ್ ಕತ್ತರಿಸಿ, ಉದ್ದವನ್ನು ಇನ್ನೊಮ್ಮೆ ಅಳೆದು, ಗ್ರಾಂ ತೋರಿಸುವ ತಕ್ಕಡಿಯಲ್ಲಿಡಿ. 12 ಎಂ.ಎಂ. ಸರಳು 888 ಗ್ರಾಂ ಆಸುಪಾಸು ಇರಬೇಕು. ಐ.ಎಸ್. 1786 ಮಾನಕದಂತೆ ಈ ಗಾತ್ರದಲ್ಲಿ ಬಿಡಿ ತುಂಡು ಶೇ 6ರಷ್ಟು ಕಡಿಮೆಯಾಗಬಹುದು, ಎಂದರೆ 835 ಗ್ರಾಂವರೆಗೆ. ತಕ್ಕಡಿ 820 ತೋರಿಸಿದರೆ ಆ ಲೋಡಿನ ಇನ್ನೂ ಕೆಲವು ಸರಳುಗಳನ್ನು ತೂಗಿ ನೋಡುವವರೆಗೆ ಕಟ್ಟುವುದನ್ನು ನಿಲ್ಲಿಸಿ. ಅಂಥ ಸರಳನ್ನು ಹತ್ತು ಹಾಕಿದ ಕಾಲಂನಲ್ಲಿ ಇರುವ ಉಕ್ಕು ಒಂಬತ್ತೂಕಾಲು ಸರಳಿನಷ್ಟು ಮಾತ್ರ.