ಹನ್ನೊಂದನೇ ಪ್ರಶ್ನೆಗೆ ಉತ್ತರಿಸುವ ಮಾಡೆಲ್ ಯಾವುದು?

ಆರೋಗ್ಯ ವಿಮೆಯ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತೆರಡು ಪುಟ, ಆರು ದಿನದ ಗಡುವು. ಮೊದಲ ಕರಡನ್ನು ಒಂದು ಉಚಿತ ಚಾಟ್‌ಬಾಟ್‌ನಿಂದ ಮಾಡಿಸಿ, ಸಾಲುಸಾಲಾಗಿ ಮೂಲದ ಜೊತೆ ಹೋಲಿಸಿ ತಿದ್ದುವುದು ನನ್ನ ಕ್ರಮ. ಎಂಟು ಪುಟದವರೆಗೆ ಕೈ ಹಾಕಬೇಕಾದ ಜಾಗ ಕಡಿಮೆಯೇ ಇತ್ತು. ಒಂಬತ್ತನೇ ಪುಟದಲ್ಲಿ, ಹೆಚ್ಚುವರಿ ರಕ್ಷಣೆ ಎಂಬ ಅರ್ಥದ ‘ರೈಡರ್’ ಪದ ‘ಸವಾರ’ ಆಗಿತ್ತು. ಇನ್ನೂ ಕೆಳಗೆ, ‘ಮುಂಗಡ ಅನುಮತಿ ಪಡೆಯದ ಹೊರತು ಹಣ ಸಿಗುವುದಿಲ್ಲ’ ಎಂದಿರಬೇಕಾದ ಕಡೆ ‘ಮುಂಗಡ ಅನುಮತಿ ಪಡೆದಿದ್ದರೆ ಹಣ ಸಿಗುವುದಿಲ್ಲ’ ಎಂದಿತ್ತು. ಅರ್ಥ ಪೂರ್ತಿ ತಿರುವುಮುರುವು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅದನ್ನು ಓದುವವರು ನಂಬಿಬಿಟ್ಟರೆ ಗತಿಯೇನು?

ಪರದೆಯನ್ನು ಮತ್ತೆ ಮೇಲಕ್ಕೆ ಸರಿಸಿ ನೋಡಿದಾಗ ಕಾರಣ ಸಿಕ್ಕಿತು. ಎಂಟನೇ ಪುಟದ ಕೊನೆಗೆ ಬೂದುಬಣ್ಣದ ಸಣ್ಣಕ್ಷರದಲ್ಲಿ ಒಂದು ಸೂಚನೆ ಬಂದಿತ್ತು. ನಿಮ್ಮ ಮಿತಿ ಮುಗಿದಿದೆ, ಇನ್ನು ಕೆಲವು ಗಂಟೆ ಚಿಕ್ಕ ಮಾಡೆಲ್ ಉತ್ತರಿಸುತ್ತದೆ ಎಂದು. ಕೆಲಸದ ಭರದಲ್ಲಿ ನಾನು ಅದನ್ನು ದಾಟಿ ಹೋಗಿದ್ದೆ.

ಉಚಿತ ಯೋಜನೆ ಎಂದರೆ ಒಂದೇ ಮಾಡೆಲ್ ಅಲ್ಲ, ಬಹಳ ಸಲ ಅದು ಎರಡು. 2025ರ ಆಗಸ್ಟ್‌ನಲ್ಲಿ ಜಿಪಿಟಿ-5 ಬಂದಾಗ ಚಾಟ್‌ಜಿಪಿಟಿಯ ಉಚಿತ ಬಳಕೆದಾರರಿಗೆ ಐದು ಗಂಟೆಗೆ ಹತ್ತು ಸಂದೇಶ ಎಂಬ ಮಿತಿ ಇತ್ತು. ಅದು ಮುಗಿದರೆ ಅದರ ಮಿನಿ ಆವೃತ್ತಿಗೆ ಇಳಿಸುತ್ತಿದ್ದರು. ಇಂಥ ಅಂಕಿಗಳು ಆಗಾಗ ಬದಲಾಗುತ್ತವೆ, ಏರ್ಪಾಡಿನ ಸ್ವರೂಪ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಬೆಳಗ್ಗೆ ಎರಡು ಪ್ರಶ್ನೆ ಕೇಳಿ ‘ಉಚಿತದ್ದೇ ಚೆನ್ನಾಗಿದೆಯಲ್ಲ’ ಎಂದು ತೀರ್ಮಾನಿಸುವುದು ತಪ್ಪು. ಉಚಿತಕ್ಕೂ ಹಣ ಕೊಟ್ಟದ್ದಕ್ಕೂ ಇರುವ ಅಂತರ ಕಾಣುವುದು ಹನ್ನೊಂದನೇ ಪ್ರಶ್ನೆಯಲ್ಲಿ.

ಮಿತಿಯನ್ನು ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ ಎಂಬುದೂ ಗೊತ್ತಿರಬೇಕು. ಕೆಲವು ಕಡೆ ಲೆಕ್ಕ ಸಂದೇಶಗಳ ಸಂಖ್ಯೆಯ ಮೇಲೆ. ಅಲ್ಲಿ ನಾಲ್ಕು ಸಣ್ಣ ಪ್ರಶ್ನೆಗಳನ್ನು ಒಂದೇ ಸಂದೇಶದಲ್ಲಿ ಕೇಳುವುದು ಜಾಣತನ. ಕ್ಲಾಡ್‌ನಂಥ ಕಡೆ ಲೆಕ್ಕ ಪಠ್ಯದ ಗಾತ್ರದ ಮೇಲೆ. ಚಾಟ್‌ಬಾಟ್ ಪ್ರತಿಸಲ ಉತ್ತರಿಸುವ ಮುನ್ನ ಆ ಸಂಭಾಷಣೆಯನ್ನು ಮೊದಲಿನಿಂದ ಮತ್ತೆ ಓದಿಕೊಳ್ಳುತ್ತದೆ. ಬೆಳಗ್ಗೆ ಹತ್ತು ಪುಟ ಅಂಟಿಸಿ, ಸಂಜೆ ಅದರ ಕೆಳಗೆ ‘ಈ ಪದಕ್ಕೆ ಇನ್ನೊಂದು ಪದ ಹೇಳು’ ಎಂದು ಕೇಳಿದರೆ ನಿಮ್ಮ ಲೆಕ್ಕಕ್ಕೆ ಬೀಳುವುದು ಒಂದು ಸಾಲಲ್ಲ, ಹತ್ತು ಪುಟ ಮತ್ತು ಒಂದು ಸಾಲು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಈ ಯಂತ್ರಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ. ಇಂಗ್ಲಿಷಿನ ಒಂದು ಸಾಮಾನ್ಯ ಪದ ಹೆಚ್ಚುಕಡಿಮೆ ಒಂದೇ ತುಣುಕಾದರೆ, ‘ಪಡೆದುಕೊಳ್ಳಬೇಕಾಗುತ್ತದೆ’ ಎಂಬ ನಮ್ಮ ಒಂದು ಪದ ಹಲವು ತುಣುಕಾಗುತ್ತದೆ. 2024ರಲ್ಲಿ ಜಿಪಿಟಿ-4ಒ ಬಂದಾಗ ಭಾರತೀಯ ಭಾಷೆಗಳಿಗೆ ಈ ಹೊರೆ ಸಾಕಷ್ಟು ಇಳಿಯಿತು, ಆದರೂ ಇಂಗ್ಲಿಷಿನಷ್ಟು ಹಗುರವಾಗಿಲ್ಲ. ಗಾತ್ರದ ಮೇಲೆ ಲೆಕ್ಕ ಹಾಕುವ ಯೋಜನೆಯಲ್ಲಿ ಇಂಗ್ಲಿಷಿನ ಫ್ರೀಲಾನ್ಸರ್‌ಗೆ ಇಡೀ ಮಧ್ಯಾಹ್ನ ಸಾಲುವಷ್ಟು ಬಳಕೆ ನಮಗೆ ಊಟದ ಹೊತ್ತಿಗೇ ಮುಗಿಯಬಹುದು.

ಹಾಗೆಂದು ಮಿತಿ ತಗುಲಿದ ಕೂಡಲೇ ಹಣ ಕಟ್ಟಬೇಕಿಲ್ಲ. ನಾನು ಎರಡು ವಾರ ಒಂದು ಚೀಟಿ ಇಟ್ಟುಕೊಂಡು, ತಡೆ ಬಿದ್ದಾಗಲೆಲ್ಲ ಹೊತ್ತನ್ನೂ ಆಗ ಮಾಡುತ್ತಿದ್ದ ಕೆಲಸವನ್ನೂ ಬರೆದೆ. ಏಳು ಸಲ ತಡೆ ಬಿದ್ದಿತ್ತು. ಅದರಲ್ಲಿ ನಾಲ್ಕು ಸಲ ತಪ್ಪು ನನ್ನದೇ, ಒಂದೇ ಸಂಭಾಷಣೆಯನ್ನು ದಿನಗಟ್ಟಲೆ ಎಳೆದಿದ್ದೆ. ಆಮೇಲೆ ಅಧ್ಯಾಯಕ್ಕೊಂದು ಹೊಸ ಸಂಭಾಷಣೆ ತೆರೆಯತೊಡಗಿದೆ. ಪ್ರತಿಯೊಂದರ ತಲೆಗೆ ಮೂವತ್ತು ಪದಗಳ ಒಂದು ಪಟ್ಟಿ: ಪ್ರೀಮಿಯಂ ಎಂದರೆ ವಿಮಾ ಕಂತು, ರೈಡರ್ ಎಂದರೆ ಹೆಚ್ಚುವರಿ ರಕ್ಷಣೆ, ಹೀಗೆ. ತಡೆ ಕಡಿಮೆಯಾಯಿತು, ಪದಗಳ ಬಳಕೆಯೂ ಒಂದೇ ಸಮನಾಯಿತು. ಉಳಿದ ಮೂರು ತಡೆಗಳು ಮಾತ್ರ ನಿಜವಾದವು, ಗಡುವಿನ ದಿನ ಕೈಕಟ್ಟಿ ಕೂರಿಸಿದವು.

ಆ ಮೂರಕ್ಕೆ ಬೆಲೆ ಕಟ್ಟೋಣ. ಭಾರತದಲ್ಲಿ ಚಾಟ್‌ಜಿಪಿಟಿ ಗೋ ಯೋಜನೆ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಶುರುವಾಯಿತು. ಆಗ ಪ್ಲಸ್‌ಗೆ 1,999 ರೂಪಾಯಿ ಇತ್ತು. ನನ್ನ ಒಂದು ಗಂಟೆಯ ದುಡಿಮೆ ಸರಾಸರಿ ಐನೂರು ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಲ್ಲಿ ಒಂದು ಗಂಟೆ ಉಳಿದರೂ ಗೋ ಗಿಟ್ಟುತ್ತದೆ. ಪ್ಲಸ್ ಗಿಟ್ಟಬೇಕಾದರೆ ನಾಲ್ಕು ಗಂಟೆ ಉಳಿಯಬೇಕು. ಕೆಲಸ ಒತ್ತುವ ತಿಂಗಳಲ್ಲಿ ನಾಲ್ಕು ಗಂಟೆ ದೊಡ್ಡ ಮಾತಲ್ಲ. ಕೆಲಸವೇ ಇಲ್ಲದ ಆಷಾಢದಲ್ಲಿ ಅದು ಬರಿಯ ಖರ್ಚು. ವರ್ಷದ ಚಂದಾ ಅಗ್ಗವೆಂದು ಒಮ್ಮೆಗೇ ಕಟ್ಟುವುದಕ್ಕಿಂತ, ಬೇಕಾದ ತಿಂಗಳು ಕಟ್ಟಿ ಬೇಡವಾದಾಗ ನಿಲ್ಲಿಸುವುದು ನಮ್ಮಂಥವರ ಆದಾಯದ ಏರಿಳಿತಕ್ಕೆ ಹೊಂದುತ್ತದೆ.

ಗುಣಮಟ್ಟದ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ನೀವು ಹಿಂದೆ ಮಾಡಿ ಮುಗಿಸಿದ, ಈಗಾಗಲೇ ಪ್ರಕಟವಾಗಿರುವ ಕೆಲಸದಿಂದ ಮೂರು ಪ್ಯಾರಾ ಆರಿಸಿ. ‘ಹೊರತು’, ‘ಅಲ್ಲದೆ’, ‘ವಿನಾ’ ಎಂಬಂಥ ತಿರುವಿನ ವಾಕ್ಯಗಳು ಅದರಲ್ಲಿ ಇರಲೇಬೇಕು, ಚಿಕ್ಕ ಮಾಡೆಲ್‌ಗಳು ಎಡವುವುದು ಅಲ್ಲೇ. ಒಂದೇ ಸೂಚನೆಯನ್ನು ಉಚಿತದ ದೊಡ್ಡ ಮಾಡೆಲ್‌ಗೆ, ಮಿತಿ ಮುಗಿದ ಮೇಲಿನ ಚಿಕ್ಕ ಮಾಡೆಲ್‌ಗೆ ಮತ್ತು ಹಣ ಕೊಟ್ಟದ್ದಕ್ಕೆ ಕೊಡಿ. ಹೆಸರು ಅಳಿಸಿ ಮೂರನ್ನೂ ಮುದ್ರಿಸಿ. ಒಂದೊಂದನ್ನೂ ಗ್ರಾಹಕರಿಗೆ ಕಳಿಸುವ ಮಟ್ಟಕ್ಕೆ ತಿದ್ದಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ನನಗೆ ಉಚಿತದ ದೊಡ್ಡದಕ್ಕೂ ಹಣದ್ದಕ್ಕೂ ಎರಡು ನಿಮಿಷದ ವ್ಯತ್ಯಾಸವೂ ಬರಲಿಲ್ಲ. ಚಿಕ್ಕದನ್ನು ತಿದ್ದಲು ಹತ್ತಿರ ಹತ್ತಿರ ದುಪ್ಪಟ್ಟು ಹೊತ್ತು ಬೇಕಾಯಿತು.

ಇಷ್ಟು ಹೊತ್ತು ಮಾತಾಡಿದ್ದು ಹಣ ಮತ್ತು ಸಮಯದ ಬಗ್ಗೆ. ಗೌಪ್ಯತೆಯ ವಿಚಾರ ಬೇರೆ, ನನ್ನ ಮಟ್ಟಿಗೆ ಅದೇ ಮೊದಲನೆಯದು. ‘ದುಡ್ಡು ಕೊಟ್ಟಿದ್ದೇನೆ, ಇನ್ನು ನನ್ನ ಕಡತ ಭದ್ರ’ ಎಂದು ನನ್ನ ಸಹೋದ್ಯೋಗಿಗಳು ಎಷ್ಟೋ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಅದು ನಿಜವಲ್ಲ. ಚಾಟ್‌ಜಿಪಿಟಿಯಲ್ಲಿ ಉಚಿತ, ಗೋ, ಪ್ಲಸ್, ಪ್ರೊ ಎಲ್ಲವೂ ವೈಯಕ್ತಿಕ ಖಾತೆಗಳೇ. ನೀವಾಗಿ ಬೇಡವೆನ್ನದಿದ್ದರೆ ನಿಮ್ಮ ಸಂಭಾಷಣೆಗಳನ್ನು ಮಾಡೆಲ್ ತರಬೇತಿಗೆ ಬಳಸಬಹುದು. ಬೇಡವೆನ್ನುವ ಗುಂಡಿ ಸೆಟ್ಟಿಂಗ್ಸ್‌ನ Data controls ಒಳಗೆ Improve the model for everyone ಎಂಬ ಹೆಸರಿನಲ್ಲಿದೆ. ಅದನ್ನು ಆರಿಸುವುದಕ್ಕೆ ಒಂದು ಪೈಸೆಯೂ ಬೇಡ, ಉಚಿತ ಖಾತೆಯಲ್ಲೂ ಆಗುತ್ತದೆ.

ಕ್ಲಾಡ್ 2025ರ ಆಗಸ್ಟ್‌ನಲ್ಲಿ ನಿಯಮ ಬದಲಿಸಿ, ಉಚಿತದವರಿಗೂ ಹಣ ಕೊಡುವ ಪ್ರೊ ಮತ್ತು ಮ್ಯಾಕ್ಸ್‌ನವರಿಗೂ ಒಂದೇ ಆಯ್ಕೆ ಮುಂದಿಟ್ಟಿತು. ತರಬೇತಿಗೆ ಒಪ್ಪಿದರೆ ದತ್ತಾಂಶ ಐದು ವರ್ಷದವರೆಗೆ ಉಳಿಯಬಹುದು, ಒಪ್ಪದಿದ್ದರೆ ಮೂವತ್ತು ದಿನದ ಹಳೆಯ ನಿಯಮ. ಜೆಮಿನಿಯ ವೈಯಕ್ತಿಕ ಖಾತೆಗಳಲ್ಲಿ ಕೆಲವು ಸಂಭಾಷಣೆಗಳನ್ನು ಮನುಷ್ಯ ಪರಿಶೀಲಕರು ಓದುತ್ತಾರೆ. ಹಾಗೆ ಓದಿದ್ದನ್ನು ಮೂರು ವರ್ಷದವರೆಗೆ ಇಟ್ಟುಕೊಳ್ಳುತ್ತಾರೆ. ಗೌಪ್ಯ ಮಾಹಿತಿ ಹಾಕಬೇಡಿ ಎಂದು ಗೂಗಲ್ ತಾನೇ ಬರೆದಿದೆ.

ಒಂದು ಸಣ್ಣ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ತರಬೇತಿಯ ಗುಂಡಿ ಆರಿಸಿದ್ದರೂ, ಉತ್ತರದ ಕೆಳಗಿನ ಹೆಬ್ಬೆರಳಿನ ಗುರುತನ್ನು ಒತ್ತಿ ಮೆಚ್ಚುಗೆಯನ್ನೋ ದೂರನ್ನೋ ಕಳಿಸಿದರೆ ಆ ಸಂಭಾಷಣೆ ಸುಧಾರಣೆಗೆ ಬಳಕೆಯಾಗಬಹುದು. ಗ್ರಾಹಕರ ಕೆಲಸದಲ್ಲಿ ಆ ಹೆಬ್ಬೆರಳನ್ನು ಮುಟ್ಟಬೇಡಿ. ಅಳಿಸಿದರೆ ಹೋಯಿತು ಎಂದೂ ತಿಳಿಯಬೇಡಿ. ನ್ಯೂಯಾರ್ಕ್ ಟೈಮ್ಸ್ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ 2025ರ ಮೇ ತಿಂಗಳಲ್ಲಿ, ಅಳಿಸಿದ ಸಂಭಾಷಣೆಗಳನ್ನೂ ಉಳಿಸಿಡಬೇಕೆಂದು ಓಪನ್‌ಎಐಗೆ ಆದೇಶಿಸಿತ್ತು. ಕೆಲವು ತಿಂಗಳು ನಡೆದ ಆ ಏರ್ಪಾಡು ಹಣ ಕೊಡುವ ಪ್ಲಸ್ ಬಳಕೆದಾರರನ್ನೂ ಒಳಗೊಂಡಿತ್ತು.

ನಿಜವಾದ ಗೆರೆ ಇರುವುದು ವೈಯಕ್ತಿಕ ಖಾತೆಗೂ ವ್ಯವಹಾರದ ಖಾತೆಗೂ ನಡುವೆ. ವ್ಯವಹಾರದ ಯೋಜನೆಗಳಲ್ಲಿ ದತ್ತಾಂಶವನ್ನು ತರಬೇತಿಗೆ ಬಳಸುವುದಿಲ್ಲವೆಂಬುದು ಮೂಲ ನಿಯಮ. ಒಬ್ಬರೇ ದುಡಿಯುವವರಿಗೆ ಅಲ್ಲೊಂದು ತೊಡಕಿತ್ತು: ಚಾಟ್‌ಜಿಪಿಟಿಯ ತಂಡದ ಯೋಜನೆ ಕನಿಷ್ಠ ಇಬ್ಬರಿಗೆಂದು ಬಂದದ್ದು, ಒಬ್ಬರಿದ್ದರೂ ಎರಡು ಆಸನಕ್ಕೆ ತೆರಬೇಕಾಗಿತ್ತು. ಗೂಗಲ್ ವರ್ಕ್‌ಸ್ಪೇಸ್‌ನ ವ್ಯವಹಾರ ಖಾತೆಯನ್ನು ಒಬ್ಬರೇ ತೆಗೆದುಕೊಳ್ಳಬಹುದು, 2025ರ ಜನವರಿಯಿಂದ ಜೆಮಿನಿ ಅದರೊಳಗೇ ಸೇರಿದೆ. ಗೌಪ್ಯ ಕೆಲಸ ಹೆಚ್ಚಿರುವ ಫ್ರೀಲಾನ್ಸರ್ ಹಣ ಹಾಕುವುದಿದ್ದರೆ ಇಂಥ ಕಡೆ ಹಾಕಬೇಕು.

ಅಷ್ಟಾದ ಮೇಲೂ ಒಪ್ಪಂದದ ಕಾಗದ ನೋಡಲೇಬೇಕು. ಮೂರನೆಯವರಿಗೆ ದಾಖಲೆ ಕೊಡಬಾರದು ಎಂದಿದ್ದರೆ, ತರಬೇತಿ ಇರಲಿ ಬಿಡಲಿ, ಅಂಟಿಸಿದ ಕ್ಷಣವೇ ಅದು ಮೂರನೆಯವರ ಸರ್ವರ್‌ಗೆ ಹೋಗಿರುತ್ತದೆ. ನಾನೀಗ ಹೊಸ ಗ್ರಾಹಕರಿಗೆ ಕೆಲಸ ಹಿಡಿಯುವ ಮುನ್ನವೇ ಒಂದು ಸಾಲು ಬರೆಯುತ್ತೇನೆ: ‘ಮೊದಲ ಕರಡಿಗೆ ಎಐ ಉಪಕರಣ ಬಳಸಲು ನಿಮ್ಮ ಒಪ್ಪಿಗೆ ಇದೆಯೇ? ಇಲ್ಲವೆಂದರೆ ಪೂರ್ತಿ ಕೈಯಲ್ಲೇ ಮಾಡುತ್ತೇನೆ, ದರ ಮತ್ತು ಗಡುವು ಹೀಗಿರುತ್ತದೆ.’ ಕೆಲವರು ಒಪ್ಪುತ್ತಾರೆ, ಒಂದು ಆಸ್ಪತ್ರೆ ಖಂಡಿತ ಬೇಡವೆಂದಿತು. ಒಪ್ಪಿದವರ ದಾಖಲೆಯಲ್ಲೂ ಹೆಸರಿನ ಜಾಗಕ್ಕೆ ‘ವ್ಯಕ್ತಿ ಒಂದು’, ಪಾಲಿಸಿ ಸಂಖ್ಯೆಯ ಜಾಗಕ್ಕೆ ‘ಸಂಖ್ಯೆ ಒಂದು’ ಎಂದು ಬದಲಿಸಿಯೇ ಅಂಟಿಸುತ್ತೇನೆ. ಕೊನೆಗೆ ಅವನ್ನು ಮರಳಿ ಕೂರಿಸಲು ಹತ್ತು ನಿಮಿಷ ಸಾಕು.

ಈಗ ಇನ್ನೊಂದು ಬಗೆಯ ಉಚಿತವೂ ಇದೆ. 2025ರಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೊ ಒಂದು ವರ್ಷ, ಜಿಯೋ ತನ್ನವರಿಗೆ ಗೂಗಲ್‌ನ ಎಐ ಪ್ರೊ ಹದಿನೆಂಟು ತಿಂಗಳು ಕೊಟ್ಟವು. ನವೆಂಬರ್‌ನಿಂದ ಓಪನ್‌ಎಐ ಗೋ ಯೋಜನೆಯನ್ನು ಭಾರತದಲ್ಲಿ ಒಂದು ವರ್ಷ ಉಚಿತ ಮಾಡಿತು. ಇವೆಲ್ಲವೂ ವೈಯಕ್ತಿಕ ಖಾತೆಗಳೇ, ಮೇಲೆ ಹೇಳಿದ ಗೌಪ್ಯತೆಯ ಷರತ್ತುಗಳು ಇಲ್ಲೂ ಅನ್ವಯಿಸುತ್ತವೆ. ಇವುಗಳಲ್ಲಿ ಯಾವುದನ್ನಾದರೂ ನೀವು ತೆಗೆದುಕೊಂಡಿದ್ದರೆ ಇವತ್ತೇ ಎರಡು ಕೆಲಸ ಮಾಡಿ: ತರಬೇತಿಯ ಗುಂಡಿ ಆರಿಸಿ, ಮತ್ತು ಕಾರ್ಡು ಅಥವಾ ಯುಪಿಐ ಕೊಟ್ಟಿದ್ದರೆ ಉಚಿತ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.